ತಾರೀಖು ಹೇಳಲಾಗದ ರಜೆ: ಮೈಗ್ರೇನ್ ಇರುವ ಉದ್ಯೋಗಿ ಕಾಯಂ ಏರ್ಪಾಡನ್ನು ಕೇಳುವ ಬಗೆ

ಇಬ್ಬರೇ ಶಿಕ್ಷಕರಿರುವ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ಬೆಳಿಗ್ಗೆ ಎಂಟು ಗಂಟೆಗೆ ‘ಇಂದು ಬರಲಾಗದು’ ಎಂದು ತಿಳಿಸಿದರೆ, ಆ ದಿನ ಐದು ತರಗತಿಗಳ ಮಕ್ಕಳೂ ಒಬ್ಬರ ಪಾಲಿಗೆ ಬರುತ್ತಾರೆ. ಪಕ್ಕದ ಶಾಲೆಯಿಂದ ಬದಲಿ ಶಿಕ್ಷಕರನ್ನು ಕಳುಹಿಸಬಹುದು. ಆದರೆ ಕೊಡಂಗಲ್, ತಾಂಡೂರು, ಜಹೀರಾಬಾದ್, ನಾರಾಯಣಖೇಡ ಸೀಮೆಯಲ್ಲಿ ಪಕ್ಕದ ಶಾಲೆ ಬಹುತೇಕ ತೆಲುಗು ಅಥವಾ ಉರ್ದು ಮಾಧ್ಯಮದ್ದು. ಅಲ್ಲಿಂದ ಬಂದವರು ಹಾಜರಿ ಹಾಕಿ ಮಕ್ಕಳನ್ನು ಶಿಸ್ತಿನಲ್ಲಿ ಕೂಡಿಸಬಲ್ಲರೇ ಹೊರತು ಕನ್ನಡ ಪಠ್ಯಪುಸ್ತಕವನ್ನು ಓದಿಸಲಾರರು. ಆದುದರಿಂದ ಶಿಕ್ಷಕಿಯೊಬ್ಬರಿಗೆ ಮೈಗ್ರೇನ್ ಇದ್ದರೆ ಅದು ಅವರೊಬ್ಬರ ತಲೆನೋವಾಗಿ ಉಳಿಯುವುದಿಲ್ಲ. ತರಗತಿಯ ಪಾಠವೂ ಅದಕ್ಕೆ ಸಿಕ್ಕಿಕೊಳ್ಳುತ್ತದೆ.

ಇಂತಹ ಶಿಕ್ಷಕಿ, ಅಥವಾ ಅಂಗಡಿ, ಕಚೇರಿ, ಕಾರ್ಖಾನೆಗಳಲ್ಲಿ ದುಡಿಯುವ ಯಾರೇ ಆಗಲಿ, ಪ್ರತಿ ಸಲವೂ ಹೊಸದಾಗಿ ಬೇಡಿಕೊಳ್ಳದೆ ಒಮ್ಮೆಗೇ ಒಂದು ಕಾಯಂ ಏರ್ಪಾಡನ್ನು ಮಾಡಿಕೊಳ್ಳಲು ಸಾಧ್ಯವೇ? ಸಾಧ್ಯವಿದೆ. ಹಾಗೆ ಕೇಳುವುದು ಹೇಗೆ, ನಿಯಮಗಳು ಎಲ್ಲಿಯವರೆಗೆ ನೆರವಾಗುತ್ತವೆ, ಎಲ್ಲಿ ಕೈಬಿಡುತ್ತವೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ದಿನಗಳ ಕೊರತೆಯಲ್ಲ, ಮುನ್ಸೂಚನೆಯ ಕೊರತೆ

ಮೈಗ್ರೇನ್ ಎಂಬುದು ಬರೀ ಜೋರಾದ ತಲೆನೋವಲ್ಲ. ಮದ್ದು ಕೊಡದಿದ್ದರೆ ಒಂದು ದಾಳಿ 4 ಗಂಟೆಗಳಿಂದ 72 ಗಂಟೆಗಳವರೆಗೆ ಇರಬಲ್ಲುದು. ಬಹಳ ಮಂದಿಗೆ ತಲೆಯ ಒಂದೇ ಪಕ್ಕದಲ್ಲಿ ನಾಡಿ ಬಡಿದಂತೆ ನೋವು, ಜೊತೆಗೆ ವಾಕರಿಕೆ ಅಥವಾ ವಾಂತಿ. ಬೆಳಕನ್ನೂ ಸದ್ದನ್ನೂ ತಾಳಲಾಗದು. ಮೆಟ್ಟಿಲು ಹತ್ತಿದರೂ ನೋವು ಏರುತ್ತದೆ. ನಲವತ್ತು ಮಕ್ಕಳ ಗದ್ದಲ, ತಗಡಿನ ಛಾವಣಿಯ ಕೆಳಗಿನ ಬಿಸಿಲು, ಕರಿಹಲಗೆಯ ಮುಂದೆ ದಿನವಿಡೀ ನಿಲ್ಲುವ ಕೆಲಸ, ಇವು ಆ ಹೊತ್ತಿನಲ್ಲಿ ಸಹಿಸಲು ಅಸಾಧ್ಯವಾದವು. ದಾಳಿ ಇಳಿದ ಮೇಲೂ ಒಂದು ದಿನ ಮಂಕು ಕವಿದಂತಿರುವುದುಂಟು.

ಈ ಕಾಯಿಲೆ ಅಪರೂಪದ್ದೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಕರ್ನಾಟಕದ ನಗರ ಹಾಗೂ ಗ್ರಾಮ ಭಾಗಗಳಲ್ಲಿ 18ರಿಂದ 65 ವರ್ಷದವರ ನಡುವೆ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯಲ್ಲಿ, ವರ್ಷವೊಂದರಲ್ಲಿ ಮೈಗ್ರೇನ್ ಅನುಭವಿಸಿದವರ ಪ್ರಮಾಣ ಸುಮಾರು ನೂರಕ್ಕೆ 25 ಎಂದು ಕಂಡುಬಂದಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ಜ್ವರ ಬಂದವರು ಒಂದು ವಾರ ಮಲಗಿ ಎದ್ದು ಬರುತ್ತಾರೆ. ಶಸ್ತ್ರಚಿಕಿತ್ಸೆಗೆ ಹೋಗುವವರು ತಿಂಗಳ ಮೊದಲೇ ತಾರೀಖು ಹೇಳುತ್ತಾರೆ. ನಮ್ಮ ರಜೆಯ ನಿಯಮಗಳೆಲ್ಲ ಈ ಎರಡು ಬಗೆಯ ರೋಗಿಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಹುಟ್ಟಿದವು. ಮೈಗ್ರೇನ್ ಇರುವವರು ಇವೆರಡಕ್ಕೂ ಸೇರುವುದಿಲ್ಲ. ತಿಂಗಳಲ್ಲಿ ಎರಡು ದಿನ ಬರಲಾಗದು ಎಂದು ಅವರು ಈಗಲೇ ಹೇಳಬಲ್ಲರು. ಯಾವ ಎರಡು ದಿನ ಎಂದು ಹೇಳಲಾರರು. ಮೇಲಧಿಕಾರಿಗೆ ಕಿರಿಕಿರಿಯಾಗುವುದು, ಸಹೋದ್ಯೋಗಿಗಳಿಗೆ ಅನುಮಾನ ಹುಟ್ಟುವುದು ಈ ಒಂದು ಕಾರಣದಿಂದಲೇ. ಎರಡು ದಿನದ ರಜೆ ಯಾರಿಗೂ ದೊಡ್ಡದಲ್ಲ. ಕೊನೆಯಿಲ್ಲದ ಅನಿಶ್ಚಿತತೆ ದೊಡ್ಡದು.

ಹೀಗಾಗಿ ಕಾಯಂ ಏರ್ಪಾಡೆಂದರೆ ಒಂದು ಬಗೆಯ ಕೊಡುಕೊಳ್ಳುವಿಕೆ. ಉದ್ಯೋಗಿಯು ತಾರೀಖನ್ನು ಕೊಡಲಾರರು. ಅದಕ್ಕೆ ಬದಲಾಗಿ ಉಳಿದುದೆಲ್ಲವನ್ನೂ ಮೊದಲೇ ಖಚಿತಪಡಿಸಿಕೊಡುತ್ತಾರೆ: ತಿಂಗಳಿಗೆ ಹೆಚ್ಚೆಂದರೆ ಎಷ್ಟು ದಿನ, ಎಷ್ಟು ಗಂಟೆಯೊಳಗೆ ಯಾರಿಗೆ ತಿಳಿಸುವುದು, ಅಂದಿನ ಕೆಲಸ ಯಾರ ಕೈಗೆ ಹೋಗುವುದು, ಯಾವ ಲೆಕ್ಕದ ರಜೆಯಿಂದ ಕಳೆಯುವುದು, ಯಾವಾಗ ಮರುಪರಿಶೀಲನೆ.

ಇಂತಹ ಏರ್ಪಾಡಿಗೆ ಗಡಿಯಾಚೆ ಈಗ ಒಂದು ಸರ್ಕಾರಿ ಮಾದರಿಯೇ ಇದೆ. ಕರ್ನಾಟಕ ಸಚಿವ ಸಂಪುಟವು 2025ರ ಅಕ್ಟೋಬರ್‌ನಲ್ಲಿ ಉದ್ಯೋಗಸ್ಥ ಮಹಿಳೆಯರಿಗೆ ತಿಂಗಳಿಗೆ ಒಂದು ದಿನದಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಋತುಚಕ್ರ ರಜೆಗೆ ಒಪ್ಪಿಗೆ ನೀಡಿತು. ಅದರ ರಚನೆಯನ್ನು ಗಮನಿಸಿರಿ. ಪ್ರತಿ ಸಲ ವೈದ್ಯರ ಪ್ರಮಾಣಪತ್ರ ಬೇಕಿಲ್ಲ. ತಿಂಗಳಿಗೆ ಒಂದೇ ದಿನವೆಂಬ ಮಿತಿಯಿದೆ. ಒಂದು ತಿಂಗಳ ರಜೆಯನ್ನು ಮುಂದಿನ ತಿಂಗಳಿಗೆ ಒಯ್ಯುವಂತಿಲ್ಲ. ಮರುಕಳಿಸುವ ತೊಂದರೆಯನ್ನು ಪ್ರತಿ ಸಲ ಸಾಬೀತುಪಡಿಸಲು ಹೇಳದೆ, ಅದಕ್ಕೊಂದು ಮೇರೆಯನ್ನು ಹಾಕಿ ನಂಬಿಕೆಯ ಮೇಲೆ ಬಿಟ್ಟಿರುವುದೇ ಅದರ ತಿರುಳು. ತೆಲಂಗಾಣದಲ್ಲಿ ದುಡಿಯುವವರಿಗೆ ಆ ಆದೇಶ ಅನ್ವಯಿಸದು. ಮೈಗ್ರೇನಿಗೂ ಅದು ಸಂಬಂಧಪಟ್ಟದ್ದಲ್ಲ. ಆದರೆ ಅದೇ ರಚನೆಯನ್ನು ನಾವು ನಮ್ಮ ಮನವಿಯಲ್ಲಿ ಬಳಸಿಕೊಳ್ಳಬಹುದು.

ಮೊದಲು ಮೂರು ತಿಂಗಳ ದಿನಚರಿ

ಮನವಿ ಬರೆಯುವ ಮೊದಲು ಲೆಕ್ಕ ಬೇಕು. ‘ಪದೇಪದೇ ತಲೆನೋವು ಬರುತ್ತದೆ’ ಎಂಬ ಮಾತಿಗೆ ಯಾವ ಅಧಿಕಾರಿಯೂ ಏರ್ಪಾಡು ಮಾಡಲಾರರು. ನೂರು ಪುಟದ ನೋಟುಬುಕ್ಕೊಂದರಲ್ಲಿ ಮೂರು ತಿಂಗಳು ಈ ಐದು ಸಂಗತಿಗಳನ್ನು ಬರೆದಿಟ್ಟರೆ ಸಾಕು: ತಲೆನೋವು ಬಂದ ತಾರೀಖು, ಶುರುವಾದ ಹಾಗೂ ಇಳಿದ ಹೊತ್ತು, ತೆಗೆದುಕೊಂಡ ಗುಳಿಗೆಯ ಹೆಸರು ಮತ್ತು ಸಂಖ್ಯೆ, ಆ ದಿನ ಕೆಲಸಕ್ಕೆ ಹೋದರೋ, ಅರ್ಧ ದಿನ ಮಾಡಿದರೋ, ಹೋಗಲೇ ಇಲ್ಲವೋ, ಹಿಂದಿನ ದಿನ ಏನಾದರೂ ಮುನ್ಸೂಚನೆ ಇತ್ತೇ.

ಕೊನೆಯ ಅಂಕಣವನ್ನು ಹಗುರವಾಗಿ ಕಾಣಬಾರದು. ದಾಳಿಗೆ ಕೆಲವು ಗಂಟೆ ಅಥವಾ ಒಂದು ದಿನ ಮೊದಲೇ ಕೆಲವರಿಗೆ ಮೇಲಿಂದ ಮೇಲೆ ಆಕಳಿಕೆ, ಕತ್ತಿನ ಬಿಗಿತ, ವಿನಾಕಾರಣ ಸಿಡುಕು, ಸಿಹಿ ತಿನ್ನುವ ಬಯಕೆ ಕಾಣುತ್ತವೆ. ಮೂರು ತಿಂಗಳ ದಿನಚರಿಯಲ್ಲಿ ಇವು ಮರುಕಳಿಸಿದರೆ, ಮುಂದೆ ಹಿಂದಿನ ಸಂಜೆಯೇ ‘ನಾಳೆ ಬರಲಾಗದಿರಬಹುದು’ ಎಂದು ತಿಳಿಸಲು ಸಾಧ್ಯವಾಗುತ್ತದೆ. ಬೆಳಗಿನ ಎಂಟು ಗಂಟೆಯ ಸುದ್ದಿ ಹಿಂದಿನ ಸಂಜೆಯ ಸುದ್ದಿಯಾದರೆ ಶಾಲೆಗೆ ಅರ್ಧ ತೊಂದರೆ ಕಳೆದಂತೆ.

ಗುಳಿಗೆಯ ಲೆಕ್ಕಕ್ಕೂ ಕಾರಣವಿದೆ. ಕೆಲಸ ತಪ್ಪಬಾರದೆಂದು ನೋವಿನ ಗುಳಿಗೆಯನ್ನು ನುಂಗಿ ನುಂಗಿ ತರಗತಿಗೆ ಹೋಗುವವರು ಬಹಳ. ಸಾಧಾರಣ ನೋವುನಿವಾರಕವನ್ನು ತಿಂಗಳಲ್ಲಿ 15 ದಿನ, ಅಥವಾ ಹಲವು ಮದ್ದು ಬೆರೆತ ಗುಳಿಗೆಯನ್ನೋ ಮೈಗ್ರೇನಿಗೆಂದೇ ಇರುವ ಟ್ರಿಪ್ಟಾನ್ ಗುಳಿಗೆಯನ್ನೋ 10 ದಿನ, ಹೀಗೆ ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ, ಆ ಗುಳಿಗೆಯೇ ತಲೆನೋವನ್ನು ತರತೊಡಗುತ್ತದೆ. ರಜೆ ಉಳಿಸಲು ಹೋಗಿ ಕಾಯಿಲೆಯನ್ನು ಬೆಳೆಸಿಕೊಂಡಂತಾಗುತ್ತದೆ.

ದಿನಚರಿಯು ವೈದ್ಯರ ಕೈಯಲ್ಲೂ ಕೆಲಸ ಮಾಡುತ್ತದೆ. ತಿಂಗಳಿಗೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ದಿನ ತಲೆನೋವು ಬರುವಂತಿದ್ದರೆ, ನೋವು ಬಂದಾಗ ಕೊಡುವ ಮದ್ದಿನ ಜೊತೆಗೆ ಬಾರದಂತೆ ತಡೆಯುವ ಮದ್ದನ್ನೂ ದಿನವೂ ಕೊಡುವ ವಿಚಾರವನ್ನು ವೈದ್ಯರು ಮಾಡುತ್ತಾರೆ. ಅದರ ಗುಣ ತಿಳಿಯಲು ಎರಡು ಮೂರು ತಿಂಗಳು ಬೇಕು. ಒಂದು ಎಚ್ಚರಿಕೆ: ಹಿಂದೆಂದೂ ಇಲ್ಲದಂತೆ ಒಮ್ಮೆಗೇ ಸಿಡಿಲಿನಂತೆ ಬಂದ ನೋವು, ಜ್ವರದೊಡನೆ ಕತ್ತು ಬಿಗಿಯುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ಐವತ್ತು ದಾಟಿದ ಮೇಲೆ ಮೊದಲ ಸಲ ಕಾಣಿಸಿಕೊಂಡ ಹೊಸ ತಲೆನೋವು, ಇವು ದಿನಚರಿಯಲ್ಲಿ ಬರೆದಿಡುವ ವಿಷಯಗಳಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕಾದವು.

ಒಂದು ಲೆಕ್ಕ

ಉದಾಹರಣೆಗಾಗಿ ಕೊಡಂಗಲ್ ಸೀಮೆಯ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಯ ಶಿಕ್ಷಕಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಅವರ ದಿನಚರಿಯಲ್ಲಿ ಒಟ್ಟು 14 ದಿನ ತಲೆನೋವು ದಾಖಲಾಗಿದೆ. ಇವುಗಳಲ್ಲಿ 5 ದಿನ ಭಾನುವಾರ ಅಥವಾ ಹಬ್ಬದ ರಜೆ. ಉಳಿದ 9 ಶಾಲಾದಿನಗಳಲ್ಲಿ 3 ದಿನ ಹೋಗಲೇ ಆಗಲಿಲ್ಲ. 4 ದಿನ ಅರ್ಧ ದಿನ ಪಾಠ ಮಾಡಿದರು. 2 ದಿನ ಮದ್ದು ತೆಗೆದುಕೊಂಡು ಪೂರ್ತಿ ದಿನ ನಡೆಸಿದರು.

ಭಾನುವಾರದ ಆ 5 ದಿನಗಳು ಮಹತ್ವದವು. ರಜೆಯ ಅಕ್ಕಪಕ್ಕದಲ್ಲೇ ತಲೆನೋವು ಬರುತ್ತದೆಯೆಂಬ ಸಿಬ್ಬಂದಿ ಕೋಣೆಯ ಕೊಂಕಿಗೆ ಅವೇ ಉತ್ತರ: ರಜೆಯ ದಿನವೂ ಅದು ಬಿಡುವುದಿಲ್ಲ.

ಈಗ ರಜೆಯ ಲೆಕ್ಕ. ತೆಲಂಗಾಣದ ಸರ್ಕಾರಿ ನೌಕರರಿಗೆ ವರ್ಷಕ್ಕೆ 15 ದಿನ ಆಕಸ್ಮಿಕ ರಜೆ, ಅಂದರೆ ಶಾಲೆಗಳಲ್ಲಿ ಎಲ್ಲರೂ ಸಿ.ಎಲ್. ಎನ್ನುವುದು, ಇದೆ. ಶಿಕ್ಷಕಿಯರಿಗೆ ಇದರ ಮೇಲೆ 5 ದಿನ ಹೆಚ್ಚುವರಿ. ಒಟ್ಟು 20. ಸಿ.ಎಲ್. ಅನ್ನು ಅರ್ಧ ದಿನವಾಗಿಯೂ ಹಾಕಬಹುದು. ಮೇಲಿನ ಶಿಕ್ಷಕಿಯ ಮೂರು ತಿಂಗಳ ಖರ್ಚು 3 ಪೂರ್ತಿ ದಿನ ಮತ್ತು 4 ಅರ್ಧ ದಿನ, ಒಟ್ಟು 5 ದಿನ. ಶಾಲೆ ನಡೆಯುವ ಸುಮಾರು ಹತ್ತು ತಿಂಗಳಿಗೆ ಇದನ್ನು ಹಿಗ್ಗಿಸಿದರೆ ಸರಿಸುಮಾರು 17 ದಿನ. ಇಪ್ಪತ್ತರಲ್ಲಿ ಇನ್ನೂ 3 ದಿನ ಉಳಿಯುತ್ತವೆ. ಆದರೆ ಅರ್ಧ ದಿನ ಹೋದಾಗಲೆಲ್ಲ ಪೂರ್ತಿ ದಿನದ ರಜೆ ಬರೆಸಿದ್ದರೆ? ಆಗ ಮೂರು ತಿಂಗಳಿಗೆ 7 ದಿನ, ವರ್ಷಕ್ಕೆ ಸುಮಾರು 23 ದಿನ. ರಜೆ ಮುಗಿದು ಸಂಬಳಕ್ಕೆ ಕತ್ತರಿ ಬೀಳುತ್ತದೆ. ಅರ್ಧ ದಿನವನ್ನು ಅರ್ಧವೆಂದೇ ದಾಖಲಿಸಲು ಒಪ್ಪಿಗೆ ಪಡೆಯುವುದು ಈ ಏರ್ಪಾಡಿನ ಮೊದಲ ಗೆಲುವು.

ಸಿ.ಎಲ್. ತೀರಿದರೆ ಮುಂದಿರುವುದು ಅರ್ಧವೇತನ ರಜೆ. ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ ಇದು 20 ದಿನದಂತೆ ಜಮೆಯಾಗುತ್ತದೆ. ವೈದ್ಯರ ಪ್ರಮಾಣಪತ್ರದ ಮೇಲೆ ಇದನ್ನು ಪೂರ್ಣವೇತನದ ಪರಿವರ್ತಿತ ರಜೆಯಾಗಿ ಬದಲಾಯಿಸಿಕೊಳ್ಳಬಹುದು; ಆಗ ಒಂದು ದಿನಕ್ಕೆ ಖಾತೆಯಿಂದ ಎರಡು ದಿನ ಕಳೆಯುತ್ತದೆ. ಮೂರು ದಿನ ಬಿಡದೆ ಕಾಡಿದ ದಾಳಿಗೆ ಇದು ಸರಿಯಾದ ರಜೆ: 3 ದಿನ ತೆಗೆದುಕೊಂಡರೆ 6 ದಿನ ಖರ್ಚು. ಆದರೆ ಪ್ರತಿ ಸಲವೂ ರೋಗದ ಪ್ರಮಾಣಪತ್ರ, ಮರಳುವಾಗ ಆರೋಗ್ಯದ ಪ್ರಮಾಣಪತ್ರ ಎರಡೂ ಬೇಕು. ಒಂದೇ ದಿನದ ದಾಳಿಗೆ ಇದನ್ನು ಬಳಸುವುದು ಹೊಂದುವುದಿಲ್ಲ. ಕತ್ತಲೆ ಕೋಣೆಯಲ್ಲಿ ಮಲಗಿರಬೇಕಾದವರು ಬಸ್ಸು ಹತ್ತಿ ಹೋಗಿ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ದಾಳಿ ಉಲ್ಬಣಿಸುತ್ತದೆ. ಮುಂದಿನ ದಿನ ಹೋದರೆ, ನಿನ್ನೆಯ ನೋವನ್ನು ವೈದ್ಯರು ಇಂದು ನೋಡಿ ಹೇಳಲಾರರು. ಮೈಗ್ರೇನನ್ನು ತೋರಿಸುವ ರಕ್ತಪರೀಕ್ಷೆಯಾಗಲಿ ಚಿತ್ರವಾಗಲಿ ಇಲ್ಲ.

ಒಂದು ಮಿತಿಯನ್ನು ಮರೆಯಬಾರದು. ಸೇವಾ ನಿಯಮಗಳ ಪ್ರಕಾರ ರಜೆಯು ಹಕ್ಕಿನಂತೆ ಒತ್ತಾಯಿಸಿ ಪಡೆಯುವಂಥದಲ್ಲ. ಮಂಜೂರು ಮಾಡುವವರ ವಿವೇಚನೆಗೆ ಒಳಪಟ್ಟದ್ದು. ಆದುದರಿಂದಲೇ ಮೊದಲೇ ಬರೆದು ಒಪ್ಪಿಗೆ ಪಡೆಯುವ ಕಾಗದಕ್ಕೆ ಬೆಲೆ.

ವೈದ್ಯರ ಪತ್ರದಲ್ಲಿ ಏನಿರಬೇಕು

ಪ್ರತಿ ದಾಳಿಗೊಂದು ಚೀಟಿಯ ಬದಲು ವರ್ಷಕ್ಕೊಂದು ವಿವರವಾದ ಪತ್ರವನ್ನು ಕೇಳಿ ಪಡೆಯಬೇಕು. ಅಮೆರಿಕದಲ್ಲಿ ನೆಲೆಸಿರುವ ನಮ್ಮವರಿಗೆ ಇದು ಪರಿಚಿತ. ಅಲ್ಲಿ 1993ರ ಕುಟುಂಬ ಮತ್ತು ವೈದ್ಯಕೀಯ ರಜೆಯ ಕಾಯಿದೆಯಡಿ, ಅರ್ಹ ಉದ್ಯೋಗಿಗಳು ವರ್ಷಕ್ಕೆ 12 ವಾರಗಳ ವೇತನರಹಿತ ರಜೆಯನ್ನು ಬಿಡಿಬಿಡಿಯಾಗಿ, ಬೇಕಾದ ದಿನ ಬಳಸಲು ಅವಕಾಶವಿದೆ. ಅದಕ್ಕೆ ವೈದ್ಯರು ತುಂಬುವ ನಮೂನೆಯಲ್ಲಿ ದಾಳಿ ತಿಂಗಳಿಗೆ ಎಷ್ಟು ಸಲ ಬರಬಹುದು, ಬಂದರೆ ಎಷ್ಟು ಹೊತ್ತು ಇರಬಹುದು ಎಂಬ ಅಂದಾಜನ್ನೇ ಕೇಳುತ್ತಾರೆ, ತಾರೀಖನ್ನಲ್ಲ. ಭಾರತದಲ್ಲಿ ಅಂತಹ ಕಾಯಿದೆಯಿಲ್ಲ. ಆದರೆ ಅದೇ ಮಾದರಿಯ ಪತ್ರ ಬರೆದುಕೊಡಲು ಯಾವ ವೈದ್ಯರಿಗೂ ಅಡ್ಡಿಯಿಲ್ಲ.

ಪತ್ರದಲ್ಲಿ ರೋಗದ ಹೆಸರು, ಎಂದಿನಿಂದ ಚಿಕಿತ್ಸೆ ನಡೆದಿದೆ ಎಂಬುದು, ತಿಂಗಳಿಗೆ ಸರಾಸರಿ ಎಷ್ಟು ದಾಳಿ, ಪ್ರತಿಯೊಂದೂ ಎಷ್ಟು ಗಂಟೆ, ಅದು ಮುಂಚಿತವಾಗಿ ತಿಳಿಯುವಂಥದಲ್ಲ ಎಂಬ ಸ್ಪಷ್ಟ ಮಾತು ಇರಬೇಕು. ಇವೆಲ್ಲಕ್ಕಿಂತ ಮುಖ್ಯವಾದ ವಾಕ್ಯ ಇನ್ನೊಂದಿದೆ: ದಾಳಿಯಿಲ್ಲದ ದಿನಗಳಲ್ಲಿ ಇವರು ತಮ್ಮ ಕೆಲಸವನ್ನು ಪೂರ್ಣವಾಗಿ ಮಾಡಲು ಶಕ್ತರು. ಈ ವಾಕ್ಯ ತಪ್ಪಿಹೋಗಿ ‘ಕೆಲಸಕ್ಕೆ ಯೋಗ್ಯರಲ್ಲ’ ಎಂಬರ್ಥದ ಮಾತು ಸೇರಿಕೊಂಡರೆ, ರಜೆಯ ಏರ್ಪಾಡಿನ ಬದಲು ವೈದ್ಯಕೀಯ ಮಂಡಳಿಯ ಮುಂದೆ ತಪಾಸಣೆಗೆ ಹೋಗಬೇಕಾದೀತು. ಸಹಾನುಭೂತಿಯಿಂದ ಕಾಯಿಲೆಯನ್ನು ಹಿಗ್ಗಿಸಿ ಬರೆಯುವ ವೈದ್ಯರೂ ಇರುತ್ತಾರೆ, ಅದು ನೆರವಲ್ಲ. ದಿನಚರಿಯ ಅಂಕಿಗಳಿಗೂ ಪತ್ರದ ಅಂಕಿಗಳಿಗೂ ಹೊಂದಾಣಿಕೆ ಇರುವಂತೆ ನೋಡಿಕೊಳ್ಳಬೇಕು.

ಮನವಿಯನ್ನು ಯಾರಿಗೆ, ಹೇಗೆ

ಶಾಲೆಯಲ್ಲಿ ಮುಖ್ಯೋಪಾಧ್ಯಾಯರಿಗೆ ಬರೆದು, ಪ್ರತಿಯನ್ನು ಮಂಡಲ ಶಿಕ್ಷಣಾಧಿಕಾರಿಗೆ ಕೊಡಬೇಕು. ಏಕೋಪಾಧ್ಯಾಯ ಶಾಲೆಯಾಗಿದ್ದು ತಾವೇ ಮುಖ್ಯಸ್ಥರಾಗಿದ್ದರೆ ನೇರವಾಗಿ ಮಂಡಲ ಶಿಕ್ಷಣಾಧಿಕಾರಿಗೇ. ಕಚೇರಿಯಲ್ಲಿ ಓದುವವರ ಅನುಕೂಲಕ್ಕಾಗಿ ತೆಲುಗು ಅಥವಾ ಇಂಗ್ಲಿಷ್‌ನಲ್ಲಿ ಬರೆಯುವುದು ಲೇಸು. ಮೊದಲು ಎದುರು ಕುಳಿತು ಮಾತನಾಡಿ, ಆಮೇಲೆ ಕಾಗದ ಕೊಡಬೇಕು; ಕಾಗದ ಮೊದಲು ಹೋದರೆ ಅದು ದೂರಿನಂತೆ ಕಾಣುತ್ತದೆ. ಮನವಿಯ ತಿರುಳು ಹೀಗಿರಬಹುದು:

‘ಮಾನ್ಯ ಮುಖ್ಯೋಪಾಧ್ಯಾಯರಿಗೆ ವಂದನೆಗಳು. ನನಗೆ ಮೈಗ್ರೇನ್ ಕಾಯಿಲೆಯಿದ್ದು ಚಿಕಿತ್ಸೆ ನಡೆದಿದೆ. ವೈದ್ಯರ ಪತ್ರವನ್ನೂ ಕಳೆದ ಮೂರು ತಿಂಗಳ ದಾಖಲೆಯನ್ನೂ ಲಗತ್ತಿಸಿದ್ದೇನೆ. ದಾಳಿಯ ದಿನವನ್ನು ಮುಂಚಿತವಾಗಿ ಹೇಳಲು ಸಾಧ್ಯವಾಗದ ಕಾರಣ ಈ ಕೆಳಗಿನ ಏರ್ಪಾಡಿಗೆ ಒಪ್ಪಿಗೆ ಕೋರುತ್ತೇನೆ. ಒಂದು, ದಾಳಿಯ ದಿನ ಬೆಳಿಗ್ಗೆ 8 ಗಂಟೆಯೊಳಗೆ ತಮಗೆ ಫೋನ್ ಮೂಲಕ ತಿಳಿಸುತ್ತೇನೆ. ನನಗೆ ಆಗದಿದ್ದರೆ ಮನೆಯವರು ತಿಳಿಸುವರು. ಎರಡು, ಅದನ್ನು ಆಕಸ್ಮಿಕ ರಜೆಯಾಗಿ, ಅರ್ಧ ದಿನ ಬಂದಲ್ಲಿ ಅರ್ಧ ದಿನವಾಗಿಯೇ ಪರಿಗಣಿಸಬೇಕು. ಅರ್ಜಿಯನ್ನು ಮರಳಿದ ದಿನವೇ ಕೊಡುತ್ತೇನೆ. ಮೂರು, ತಿಂಗಳಿಗೆ ಎರಡು ದಿನವನ್ನು ಮೀರಿದರೆ, ಅಥವಾ ಸತತ ಮೂರು ದಿನವಾದರೆ, ಪ್ರತ್ಯೇಕ ಪ್ರಮಾಣಪತ್ರವನ್ನು ಒದಗಿಸುತ್ತೇನೆ. ನಾಲ್ಕು, ಪ್ರತಿ ತರಗತಿಗೂ ಎರಡು ದಿನಗಳ ಅಭ್ಯಾಸದ ಕೆಲಸವನ್ನು ಸಿದ್ಧಪಡಿಸಿ ಕಪಾಟಿನಲ್ಲಿ ಇಟ್ಟಿರುತ್ತೇನೆ. ಐದು, ಆರು ತಿಂಗಳ ನಂತರ ಈ ಏರ್ಪಾಡನ್ನು ತಾವೂ ನಾನೂ ಕೂಡಿ ಪರಿಶೀಲಿಸೋಣ.’

ನಾಲ್ಕನೆಯ ಅಂಶ ಕನ್ನಡ ಶಾಲೆಗಳಿಗೆ ವಿಶೇಷವಾದದ್ದು. ಬದಲಿಗೆ ಬರುವವರಿಗೆ ಕನ್ನಡ ಓದಲು ಬಾರದಿರಬಹುದು. ಆದುದರಿಂದ ಕಪಾಟಿನಲ್ಲಿ ಇಡುವ ಕೆಲಸವು ಮಕ್ಕಳು ತಾವೇ ಓದಿ ಮಾಡುವಂತಿರಬೇಕು: ಒಂದು ಮತ್ತು ಎರಡನೆಯ ತರಗತಿಗೆ ಚಿತ್ರ ನೋಡಿ ಹೆಸರು ಬರೆಯುವ ಹಾಳೆ, ಮೂರರಿಂದ ಐದಕ್ಕೆ ಈಗಾಗಲೇ ಕಲಿಸಿದ ಪಾಠದ ಪ್ರಶ್ನೆಗಳು ಮತ್ತು ಲೆಕ್ಕಗಳು. ಐದನೆಯ ತರಗತಿಯ ಇಬ್ಬರು ಮಕ್ಕಳಿಗೆ ಚಿಕ್ಕವರನ್ನು ಓದಿಸುವ ಹೊಣೆಯನ್ನು ಮೊದಲೇ ಕೊಟ್ಟಿರಬಹುದು. ಹೊಸ ಪಾಠವನ್ನು ಅಂದು ಇಡಬಾರದು. ಅದು ಶಿಕ್ಷಕಿಯು ಮರಳಿದ ಮೇಲೆ.

ಪಾಲಕರಿಗೆ ಕಾಯಿಲೆಯ ಹೆಸರು ತಿಳಿಯಬೇಕಾದ ಅಗತ್ಯವಿಲ್ಲ. ಮುಖ್ಯೋಪಾಧ್ಯಾಯರಿಗೆ ಕೊಟ್ಟ ವೈದ್ಯರ ಪತ್ರ ಸಿಬ್ಬಂದಿ ಕೋಣೆಯಲ್ಲಿ ಸುತ್ತಬೇಕಾಗಿಯೂ ಇಲ್ಲ. ಶಿಕ್ಷಕರು ಬಾರದ ದಿನ ಮಕ್ಕಳಿಗೆ ಏನು ಕೆಲಸವಿರುತ್ತದೆ ಎಂಬುದು ತಿಳಿದರೆ ಪಾಲಕರಿಗೆ ಸಾಕು. ಅದನ್ನು ಕೇಳುವ ಹಕ್ಕೂ ಅವರಿಗಿದೆ.

ಅಂಗಡಿ, ಕಾರ್ಖಾನೆಗಳಲ್ಲಿ

ನಮ್ಮ ಮಕ್ಕಳ ತಂದೆತಾಯಿಗಳಲ್ಲಿ ಅನೇಕರು ಖಾಸಗಿಯಾಗಿ ದುಡಿಯುವವರು. ತಾಂಡೂರಿನ ಬಟ್ಟೆ ಅಂಗಡಿಯಲ್ಲಿ, ಜಹೀರಾಬಾದಿನ ವ್ಯಾಪಾರ ಸಂಸ್ಥೆಯಲ್ಲಿ ಕೆಲಸ ಮಾಡುವವರಿಗೆ 1988ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯಡಿ ವರ್ಷಕ್ಕೆ ವೇತನಸಹಿತವಾಗಿ 12 ದಿನ ಕಾಯಿಲೆಯ ರಜೆ, 12 ದಿನ ಆಕಸ್ಮಿಕ ರಜೆ, ಹಾಗೂ 240 ದಿನ ದುಡಿದ ಮೇಲೆ 15 ದಿನ ಗಳಿಕೆ ರಜೆ ಇದೆ. ಕಾಗದದ ಮೇಲೆ ಇದು ಮೇಲಿನ ಶಿಕ್ಷಕಿಯ ಲೆಕ್ಕಕ್ಕೆ ಸಾಕಾಗುವಷ್ಟೇ. ಆದರೆ ಬಹಳ ಅಂಗಡಿಗಳಲ್ಲಿ ‘ಬಂದರೆ ಕೂಲಿ, ಇಲ್ಲದಿದ್ದರೆ ಇಲ್ಲ’ ಎಂಬುದೇ ನಡೆ. ಅಲ್ಲಿ ಕಾಯಿದೆಯ ಪುಸ್ತಕ ತೆರೆಯುವ ಮೊದಲು, ‘ತಿಂಗಳಿಗೆ ಎರಡು ದಿನದವರೆಗೆ ಸಂಬಳ ಕಡಿಯಬಾರದು, ಬದಲಿಗೆ ಸಂತೆಯ ದಿನ ಒಂದು ಗಂಟೆ ಹೆಚ್ಚು ನಿಲ್ಲುತ್ತೇನೆ’ ಎಂಬಂತಹ ನೇರ ಮಾತು ಹೆಚ್ಚು ಫಲ ಕೊಡುತ್ತದೆ. ಒಪ್ಪಿದ್ದನ್ನು ಎರಡು ಸಾಲಿನಲ್ಲಿ ಬರೆಸಿ, ಅಥವಾ ಸಂದೇಶವಾಗಿ ಕಳುಹಿಸಿ ‘ಸರಿ’ ಎಂಬ ಉತ್ತರ ಪಡೆದಿಡಬೇಕು.

ಕಾರ್ಖಾನೆಯಲ್ಲಿ ಇಎಸ್‌ಐ ಸೌಲಭ್ಯ ಇರುವವರು ಒಂದು ವಿಷಯವನ್ನು ತಿಳಿದಿರಬೇಕು. ಕಾಯಿಲೆಯ ದಿನಗಳಿಗೆ ಇಎಸ್‌ಐಯಿಂದ ಸರಾಸರಿ ದಿನಗೂಲಿಯ ನೂರಕ್ಕೆ 70ರಷ್ಟು, ವರ್ಷಕ್ಕೆ ಹೆಚ್ಚೆಂದರೆ 91 ದಿನ ದೊರೆಯುತ್ತದೆ. ಆದರೆ ಪ್ರತಿ ಕಾಯಿಲೆಯ ಮೊದಲ ಎರಡು ದಿನಗಳಿಗೆ ಹಣವಿಲ್ಲ. ಹಿಂದೆ ಹಣ ಪಡೆದ ಕಾಯಿಲೆಯಿಂದ 15 ದಿನಗಳೊಳಗೆ ಮತ್ತೆ ಮಲಗಿದರೆ ಮಾತ್ರ ಈ ಎರಡು ದಿನದ ಕಡಿತವಿಲ್ಲ. ಒಂದು ದಿನ ಬಂದು ಹೋಗುವ ಮೈಗ್ರೇನಿಗೆ ಆದುದರಿಂದ ಇಎಸ್‌ಐ ಹಣ ಸಾಮಾನ್ಯವಾಗಿ ಬಾರದು. ಅದರ ಆಸ್ಪತ್ರೆಯನ್ನು ಚಿಕಿತ್ಸೆಗೂ ವಾರ್ಷಿಕ ಪತ್ರಕ್ಕೂ ಬಳಸಿಕೊಳ್ಳುವುದೇ ಲಾಭ.

ನ್ಯಾಯಾಲಯದ ದಾರಿ ಎಷ್ಟು ದೂರ

‘ನನ್ನದು ಅಂಗವೈಕಲ್ಯವಲ್ಲವೇ, ಕಾಯಿದೆ ರಕ್ಷಿಸುವುದಿಲ್ಲವೇ?’ ಎಂದು ಕೇಳುವವರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಮೈಗ್ರೇನ್ ಆ ಪಟ್ಟಿಯಲ್ಲಿಲ್ಲ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ನರಸಂಬಂಧಿ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ಕೇಂದ್ರ ಲೋಕಸೇವಾ ಆಯೋಗವು ಬರಹಗಾರರ ನೆರವನ್ನು ನಿರಾಕರಿಸಿದಾಗ, ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಅವರ ಪರವಾಗಿ ತೀರ್ಪಿತ್ತಿತು. ಸಮಂಜಸ ಹೊಂದಾಣಿಕೆಯು ನೂರಕ್ಕೆ 40ರ ವೈಕಲ್ಯ ಪ್ರಮಾಣಪತ್ರ ಉಳ್ಳವರಿಗೆ ಮಾತ್ರ ಮೀಸಲಲ್ಲ ಎಂಬುದು ಅದರ ಸಾರ. ಅದು ಪರೀಕ್ಷೆಯ ವಿಚಾರವೇ ಹೊರತು ರಜೆಯದಲ್ಲ. ಆದರೂ ವ್ಯಕ್ತಿಯ ಅಗತ್ಯವನ್ನು ನೋಡಿ ಹೊಂದಾಣಿಕೆ ಮಾಡಬೇಕೆಂಬ ತತ್ತ್ವ ಅಲ್ಲಿದೆ.

ನಮಗೆ ಇನ್ನೂ ಹತ್ತಿರದ್ದು ತೆಲಂಗಾಣ ರಸ್ತೆ ಸಾರಿಗೆ ನಿಗಮದ ಚಾಲಕರೊಬ್ಬರ ಪ್ರಕರಣ. ಬಣ್ಣಗುರುಡು ಇದೆಯೆಂದು ಅವರನ್ನು ವೈದ್ಯಕೀಯ ಕಾರಣದ ಮೇಲೆ ಸೇವೆಯಿಂದ ಬಿಡಿಸಲಾಗಿತ್ತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಸೂಕ್ತವಾದ ಬೇರೆ ಹುದ್ದೆ ಕೊಡಬೇಕೆಂದು ಆದೇಶಿಸಿತು. ಅವರ ಕೈ ಹಿಡಿದದ್ದರಲ್ಲಿ ಮುಖ್ಯವಾದದ್ದು 1979ರಲ್ಲಿ ಆಡಳಿತಕ್ಕೂ ಕಾರ್ಮಿಕ ಸಂಘಕ್ಕೂ ಆಗಿದ್ದ ಲಿಖಿತ ಒಪ್ಪಂದ. ಬಣ್ಣಗುರುಡಿರುವ ಚಾಲಕರಿಗೆ ಬದಲಿ ಕೆಲಸ ಕೊಡುವ ಮಾತು ಅದರಲ್ಲಿತ್ತು. ನಾಲ್ಕು ದಶಕಗಳ ಹಿಂದಿನ ಕಾಗದ ಒಬ್ಬನ ನೌಕರಿಯನ್ನು ಉಳಿಸಿತು.

ಏರ್ಪಾಡು ಕೆಡುವ ಬಗೆ

ಒಪ್ಪಿಗೆ ಸಿಕ್ಕ ಮೇಲೂ ಏರ್ಪಾಡು ಸಾಮಾನ್ಯವಾಗಿ ಮೂರು ಕಡೆ ಮುರಿಯುತ್ತದೆ. ಮೊದಲನೆಯದು, ತಿಳಿಸುವ ಹೊತ್ತು ಜಾರುವುದು. ಎಂಟು ಗಂಟೆ ಎಂದದ್ದು ಒಂಬತ್ತೂವರೆಯಾದರೆ, ಮಕ್ಕಳು ಅಂಗಳದಲ್ಲಿ ನಿಂತ ಮೇಲೆ ಸುದ್ದಿ ಬಂದಂತೆ. ದಾಳಿಯ ಹೊತ್ತಿನಲ್ಲಿ ಫೋನಿನ ಬೆಳಕನ್ನೇ ನೋಡಲಾಗದವರಿಗೆ ಮನೆಯವರೊಬ್ಬರು ಈ ಹೊಣೆಯನ್ನು ಹೊತ್ತಿರಲೇಬೇಕು.

ಎರಡನೆಯದು, ಮುಖ್ಯೋಪಾಧ್ಯಾಯರ ವರ್ಗಾವಣೆ. ಹಳಬರೊಡನೆ ಬಾಯಿಮಾತಿನಲ್ಲಿ ಇದ್ದದ್ದು ಹೊಸಬರಿಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಏರ್ಪಾಡು ಅವರಿಗೆ ಗೈರುಹಾಜರಿಯಾಗಿ ಕಾಣುತ್ತದೆ. ಮನವಿಯ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಮತ್ತು ತಾರೀಖು ಹಾಕಿಸಿಕೊಂಡು ಇಟ್ಟುಕೊಂಡವರು ಮಾತ್ರ ಇಲ್ಲಿ ಉಳಿದುಕೊಳ್ಳುತ್ತಾರೆ.

ಮೂರನೆಯದು, ಮಿತಿ ದಾಟಿದರೂ ಸುಮ್ಮನಿರುವುದು. ತಿಂಗಳಿಗೆ ಎರಡು ದಿನ ಎಂದವರು ಸತತ ಎರಡು ತಿಂಗಳು ನಾಲ್ಕು ದಿನ ತಪ್ಪಿಸಿಕೊಂಡರೆ, ಯಾರೂ ಕೇಳುವ ಮೊದಲೇ ತಾವಾಗಿ ಹೋಗಿ ಹೇಳಬೇಕು. ಅದು ರಜೆಯ ಸಮಸ್ಯೆಗಿಂತ ಮೊದಲು ಚಿಕಿತ್ಸೆಯ ಸಮಸ್ಯೆ: ತಡೆಯುವ ಮದ್ದು ನಾಟುತ್ತಿಲ್ಲ, ಅಥವಾ ಗುಳಿಗೆ ಹೆಚ್ಚಾಗಿದೆ, ಅಥವಾ ಕಾಯಿಲೆಯ ಸ್ವರೂಪ ಬದಲಾಗಿದೆ. ತಿಂಗಳಲ್ಲಿ 15 ಅಥವಾ ಹೆಚ್ಚು ದಿನ ತಲೆನೋವು ಮೂರು ತಿಂಗಳಿಗೂ ಮೀರಿ ಮುಂದುವರಿದರೆ ಅದನ್ನು ದೀರ್ಘಕಾಲೀನ ಮೈಗ್ರೇನ್ ಎಂದು ಪರಿಗಣಿಸುವ ಹಂತ ಬಂದಿರುತ್ತದೆ. ಅದಕ್ಕೆ ನರರೋಗ ತಜ್ಞರ ಸಲಹೆ ಬೇಕು, ತಿಂಗಳಿಗೆ ಎರಡು ದಿನದ ಏರ್ಪಾಡು ಸಾಲದು. ಆಗ ದಿನಚರಿಯನ್ನು ಜೊತೆಗೊಯ್ದು ವೈದ್ಯರಿಂದ ಹೊಸ ಪತ್ರ ಪಡೆದು, ಆರು ತಿಂಗಳ ಪರಿಶೀಲನೆಗೆ ಕಾಯದೆ ಮನವಿಯ ಅಂಕಿಗಳನ್ನು ತಿದ್ದಿ ಬರೆಯಬೇಕು.